ಝೊಟೆರೊದ ಜೋಡಿ ದಾಖಲೆಗಳು: ತುಂಬಿದ್ದೆಲ್ಲ ಸರಿಯಲ್ಲ

ಶಿರಸಿ–ಸಿದ್ದಾಪುರ ಸೀಮೆಯ ದೇವರಕಾಡು, ಕಾನು ಮತ್ತು ಸೊಪ್ಪಿನಬೆಟ್ಟಗಳ ಕುರಿತು ನಾನು ಬರೆಯುತ್ತಿರುವ ಮಹಾಪ್ರಬಂಧದ ಉಲ್ಲೇಖಗಳೆಲ್ಲ ಝೊಟೆರೊ ಎಂಬ ಉಲ್ಲೇಖ ನಿರ್ವಹಣೆಯ ತಂತ್ರಾಂಶದಲ್ಲಿವೆ. ಅವು ಅಲ್ಲಿಗೆ ಬಂದದ್ದು ಬೇರೆ ಬೇರೆ ದಾರಿಗಳಿಂದ. ಆರಂಭದ ದಿನಗಳಲ್ಲಿ ನಾನೇ ಕೈಯಿಂದ ತುಂಬಿದ್ದು ಕೆಲವು, ಬ್ರೌಸರಿನ ಗುಂಡಿ ಒತ್ತಿ ಪ್ರಕಾಶಕರ ಪುಟದಿಂದ ನೇರವಾಗಿ ಉಳಿಸಿಕೊಂಡದ್ದು ಬಹಳಷ್ಟು, ಕಾರವಾರದಲ್ಲಿ ಕರಾವಳಿಯ ದೇವರಬನಗಳ ಬಗ್ಗೆ ಕೆಲಸ ಮಾಡುತ್ತಿರುವ ಗೆಳತಿಯೊಬ್ಬರು ಆರ್‌ಐಎಸ್ ಫೈಲಿನಲ್ಲಿ ಕಳಿಸಿಕೊಟ್ಟದ್ದು ಇನ್ನಷ್ಟು. ಹೊಸ ದಾಖಲೆಯೊಂದು ಒಳಗೆ ಬರುವಾಗ ಅದೇ ಲೇಖನ ಮೊದಲೇ ಇದೆಯೇ ಎಂದು ಝೊಟೆರೊ ಪ್ರಶ್ನಿಸುವುದಿಲ್ಲ. ಮತ್ತೊಂದು ದಾಖಲೆಯಾಗಿ ಇರಿಸಿಕೊಳ್ಳುತ್ತದೆ ಅಷ್ಟೆ. ನಮ್ಮಿಬ್ಬರ ವಿಷಯ ಹತ್ತಿರದ್ದಾದ್ದರಿಂದ ಒಂದೇ ಲೇಖನ ಎರಡು, ಮೂರು ದಾಖಲೆಗಳಾಗಿ ಕುಳಿತುಕೊಂಡಿತು.

ಇದರ ಪರಿಣಾಮ ಮೊದಲು ಕಂಡದ್ದು ಅಧ್ಯಾಯದ ಕರಡಿನಲ್ಲಿ. ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಅವರು ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ 1976ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಯಾರೂ ಬಿಡಲಾಗದ್ದು. ನನ್ನ ಕರಡಿನಲ್ಲಿ ಅದು ಒಂದು ಕಡೆ `1976a` ಎಂದೂ ಮತ್ತೊಂದು ಕಡೆ `1976b` ಎಂದೂ ಬಂದಿತ್ತು. ಕರಡನ್ನು ಓದಿದ ನನ್ನ ಮಾರ್ಗದರ್ಶಕರು, “ಆ ವರ್ಷ ಅವರಿಬ್ಬರೂ ಸೇರಿ ಎರಡು ಲೇಖನ ಬರೆದಿದ್ದಾರೇನ್ರಿ? ನಾನು ನೋಡಿದ್ದು ಒಂದೇ” ಎಂದರು. ಝೊಟೆರೊದ ಲೆಕ್ಕದಲ್ಲಿ ಅವು ಎರಡು ಬೇರೆ ದಾಖಲೆಗಳಾದ್ದರಿಂದ ಓದುಗರಿಗೆ ಗೊಂದಲವಾಗದಿರಲೆಂದು ಅದು ತಾನಾಗಿಯೇ ಅಕ್ಷರ ಸೇರಿಸಿತ್ತು. ಒಂದು ದಾಖಲೆಯಲ್ಲಿ ಹೆಸರು ಪೂರ್ತಿಯಾಗಿ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ ಇದ್ದಾಗಲೂ ಇಂಥದೇ ಚಿಹ್ನೆ ಕಾಣಿಸುತ್ತದೆ: ಅಡ್ಡಹೆಸರು ಸಾಕಾಗುವಲ್ಲಿ `M. Gadgil` ಎಂದು ಇನಿಷಿಯಲ್ ಸಹಿತ ಬಂದರೆ, ಒಬ್ಬರೇ ಲೇಖಕರು ಝೊಟೆರೊದ ಗ್ರಂಥಾಲಯದಲ್ಲಿ ಇಬ್ಬರಾಗಿದ್ದಾರೆ ಎಂದು ತಿಳಿಯಬೇಕು. ಕರಡಿನಲ್ಲಿ ಈ ಎರಡು ಚಿಹ್ನೆಗಳನ್ನು ಹುಡುಕುವುದು ಜೋಡಿ ದಾಖಲೆಗಳನ್ನು ಪತ್ತೆ ಮಾಡುವ ಒಳ್ಳೆಯ ದಾರಿ. ಏಕೆಂದರೆ ಹೀಗೆ ಸಿಗುವ ಜೋಡಿಗಳು ನಾವು ನಿಜವಾಗಿ ಉಲ್ಲೇಖಿಸಿರುವಂಥವು.

ಒಂದನ್ನು ಉಳಿಸಿಕೊಂಡು ಉಳಿದವನ್ನು ಅಳಿಸಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಮಾಡಬಾರದು. ವರ್ಡ್ ಅಥವಾ ಲಿಬ್ರೆಆಫೀಸ್ ಕಡತದಲ್ಲಿರುವ ಪ್ರತಿ ಉಲ್ಲೇಖವೂ ಗ್ರಂಥಾಲಯದ ಒಂದು ನಿರ್ದಿಷ್ಟ ದಾಖಲೆಗೆ ಕಟ್ಟಿಕೊಂಡಿರುತ್ತದೆ. ಆ ದಾಖಲೆಯನ್ನು ಅಳಿಸಿದರೆ ಉಲ್ಲೇಖ ಕಡತದಿಂದ ಮಾಯವಾಗುವುದಿಲ್ಲ, ಕಡತದೊಳಗೇ ಅಡಕವಾಗಿರುವ ಹಳೆಯ ವಿವರಗಳಿಂದ ಹಾಗೆಯೇ ಮುಂದುವರಿಯುತ್ತದೆ. ಆದರೆ ಉಳಿಸಿಕೊಂಡ ದಾಖಲೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲವಾದ್ದರಿಂದ ಗ್ರಂಥಸೂಚಿಯಲ್ಲಿ ಲೇಖನ ಎರಡು ಸಲ ಬರುವುದು ತಪ್ಪುವುದಿಲ್ಲ, ಮುಂದೆ ಮಾಡಿದ ತಿದ್ದುಪಡಿಗಳೂ ಅದನ್ನು ತಲುಪುವುದಿಲ್ಲ. ವಿಲೀನ ಮಾಡಿದಾಗ ಮಾತ್ರ, ಉಳಿದ ದಾಖಲೆಯು ಯಾವ ಯಾವ ದಾಖಲೆಗಳ ಸ್ಥಾನಕ್ಕೆ ಬಂದಿದೆ ಎಂಬುದನ್ನು ಝೊಟೆರೊ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ, ಮತ್ತು ಹಳೆಯದಕ್ಕೆ ಕಟ್ಟಿದ ಉಲ್ಲೇಖಗಳು ಹೊಸದನ್ನು ಹುಡುಕಿಕೊಳ್ಳುತ್ತವೆ. ಇದರ ಜೊತೆಗೆ ಎರಡೂ ಕಡೆಯ ಟಿಪ್ಪಣಿ, ಲಗತ್ತು, ಟ್ಯಾಗು ಹಾಗೂ ಎರಡೂ ಸೇರಿದ್ದ ಸಂಗ್ರಹಗಳು ಒಟ್ಟಾಗಿ ಒಂದೇ ದಾಖಲೆಗೆ ಬರುತ್ತವೆ.

ವಿಲೀನವನ್ನು ಹಿಂತೆಗೆಯುವ ಗುಂಡಿ ಇಲ್ಲ. ಬಿಟ್ಟುಕೊಟ್ಟ ದಾಖಲೆ `Trash` ಸೇರುತ್ತದೆ, ಅಲ್ಲಿಂದ ಅದನ್ನು ಮರಳಿ ತರಬಹುದು. ಆದರೆ ಬೆರೆತುಹೋದ ಟಿಪ್ಪಣಿ, ಟ್ಯಾಗುಗಳು ಮತ್ತೆ ಬೇರೆಯಾಗುವುದಿಲ್ಲ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮೊದಲು ಸೆಟ್ಟಿಂಗ್ಸಿನಲ್ಲಿ ತಾನಾಗಿ ನಡೆಯುವ ಸಿಂಕನ್ನು ನಿಲ್ಲಿಸಿದೆ. `Show Data Directory` ಒತ್ತಿ ದತ್ತಾಂಶದ ಫೋಲ್ಡರು ಎಲ್ಲಿದೆ ಎಂದು ನೋಡಿಕೊಂಡು, ಝೊಟೆರೊವನ್ನು ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಅದರಲ್ಲಿ `zotero.sqlite` ಎಂಬ ಫೈಲೂ `storage` ಎಂಬ ಒಳಫೋಲ್ಡರೂ ಇರಬೇಕು. ಮೊದಲನೆಯದರಲ್ಲಿ ದಾಖಲೆಗಳು, ಎರಡನೆಯದರಲ್ಲಿ ಪಿಡಿಎಫ್‌ಗಳು. ಮಳೆಗಾಲದಲ್ಲಿ ಕರೆಂಟಿಗೆ ಭರವಸೆಯಿಲ್ಲದ ನಮ್ಮ ಊರಿನಲ್ಲಿ ಈ ನಕಲು ಬೇರೆ ಕಾರಣಕ್ಕೂ ಇರಬೇಕಾದದ್ದೇ.

ಎಡಗಡೆಯ ಪಟ್ಟಿಯಲ್ಲಿ `My Library`ಯ ಕೆಳಗೆ `Duplicate Items` ಎಂಬ ಸಾಲಿದೆ. ಅದನ್ನು ಒತ್ತಿದರೆ ಝೊಟೆರೊ ಅನುಮಾನಿಸುವ ಜೋಡಿಗಳೆಲ್ಲ ನಡುವಿನ ಕಿಟಕಿಯಲ್ಲಿ ಬರುತ್ತವೆ. ಒಂದನ್ನು ಆರಿಸಿದರೆ ಅದರ ಜೊತೆಗಾರರೂ ತಾವಾಗಿ ಆಯ್ಕೆಯಾಗುತ್ತಾರೆ. ಈ ಅನುಮಾನ ಹುಟ್ಟುವುದು ಶೀರ್ಷಿಕೆ, ಲೇಖನದ ಶಾಶ್ವತ ಗುರುತುಸಂಖ್ಯೆಯಾದ ಡಿಒಐ ಮತ್ತು ಐಎಸ್‌ಬಿಎನ್‌ಗಳ ಹೋಲಿಕೆಯಿಂದ. ಶೀರ್ಷಿಕೆ ಒಂದೇ ಆಗಿದ್ದರೆ ಪ್ರಕಟಣೆಯ ವರ್ಷಗಳ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರವಿರಬಾರದು, ಒಬ್ಬ ಲೇಖಕರ ಅಡ್ಡಹೆಸರೂ ಮೊದಲ ಹೆಸರಿನ ಮೊದಲಕ್ಷರವೂ ಕೂಡಿಬರಬೇಕು. ಅಂದರೆ `Gadgil, Madhav` ಮತ್ತು `Gadgil, M.` ಇವೆರಡೂ ಅದಕ್ಕೆ ಹೊಂದುವ ಹೆಸರುಗಳೇ. ಆದರೆ ಶೀರ್ಷಿಕೆಯಲ್ಲಿ ಒಂದು ಪದ ಬದಲಾಗಿದ್ದು, ಹೋಲಿಸಲು ಡಿಒಐ ಕೂಡ ಇಲ್ಲದಿದ್ದರೆ ಜೋಡಿ ಅದರ ಕಣ್ಣಿಗೆ ಬೀಳುವುದಿಲ್ಲ.

ಗಾಡ್ಗೀಳ್–ವರ್ತಕ್ ಲೇಖನದ್ದು ನನ್ನಲ್ಲಿ ಮೂರು ದಾಖಲೆಗಳಿದ್ದವು. ಎಲ್ಲಕ್ಕಿಂತ ಹಳೆಯದು ನಾನೇ ಕೈಯಿಂದ ತುಂಬಿದ, `Web Page` ಎಂಬ ಬಗೆಯ ದಾಖಲೆ: ಶೀರ್ಷಿಕೆ, ಇಬ್ಬರು ಲೇಖಕರು, ಜಾಲತಾಣದ ಹೆಸರು, ವಿಳಾಸ, ಜೊತೆಗೆ ಆ ಕಾಲದ ನನ್ನ ಟಿಪ್ಪಣಿ. ಎರಡನೆಯದು ಪ್ರಕಾಶಕರ ಪುಟದಿಂದ ಬಂದ `Journal Article`; ಅದರಲ್ಲಿ ಡಿಒಐ, ಸಂಪುಟ 30, ಸಂಚಿಕೆ 2, ಪುಟ 152–160 ಎಲ್ಲವೂ ಇದ್ದವು. ಮೂರನೆಯದು ಗೆಳತಿಯ ಫೈಲಿನಿಂದ ಬಂದದ್ದು. ಡಿಒಐ ಇಲ್ಲ, ಹೆಸರುಗಳು ಇನಿಷಿಯಲ್‌ನಲ್ಲಿ, ಶೀರ್ಷಿಕೆಯ ಕೊನೆ `Western Ghats of India` ಎಂದು. ಮೊದಲ ಎರಡನ್ನು ಝೊಟೆರೊ ಜೋಡಿಯೆಂದು ತೋರಿಸಿತು, ಮೂರನೆಯದನ್ನು ತೋರಿಸಲಿಲ್ಲ.

ಮೊದಲೆರಡನ್ನು ಆರಿಸಿದಾಗ ಬಲಗಡೆ ವಿಲೀನದ ಗುಂಡಿಯ ಬದಲು `Merged items must all be of the same item type.` ಎಂಬ ಸಾಲು ಬಂತು. ಬಗೆ ಬೇರೆಯಿರುವ ದಾಖಲೆಗಳನ್ನು ಅದು ಒಂದಾಗಿಸುವುದಿಲ್ಲ. ಹಾಗಾಗಿ ಹಳೆಯ ದಾಖಲೆಯನ್ನು ಮುಖ್ಯ ಪಟ್ಟಿಯಲ್ಲಿ ತೆರೆದು ಅದರ ಬಗೆಯನ್ನು `Journal Article` ಎಂದು ಬದಲಿಸಿದೆ. ಹೊಸ ಬಗೆಯಲ್ಲಿ ಸ್ಥಾನವಿಲ್ಲದ ಅಂಕಣಗಳು ಕಳೆದುಹೋಗುತ್ತವೆ ಎಂಬ ಎಚ್ಚರಿಕೆ ಆಗ ಬರುತ್ತದೆ. ಅದರಲ್ಲಿ ಹೆಸರಿಸಿದ ಅಂಕಣಗಳನ್ನು ಓದಿಯೇ ಒಪ್ಪಬೇಕು. ಎಚ್ಚರಿಕೆಯಲ್ಲಿ ಕಾಣದ ಇನ್ನೊಂದು ಸಂಗತಿಯೂ ಇದೆ. ವೆಬ್ ಪುಟದ `Website Title` ಕಳೆದುಹೋಗುವುದಿಲ್ಲ, ಲೇಖನದ `Publication` ಅಂಕಣಕ್ಕೆ ಜಾರುತ್ತದೆ. ಹೀಗೆ ನನ್ನ ಹಳೆಯ ದಾಖಲೆಯಲ್ಲಿ ಪತ್ರಿಕೆಯ ಹೆಸರಿರಬೇಕಾದ ಜಾಗದಲ್ಲಿ ಜಾಲತಾಣದ ಹೆಸರು ಕುಳಿತಿತ್ತು. ಅಂಕಣ ತುಂಬಿರುವುದರಿಂದ ನೋಡಿದರೆ ದಾಖಲೆ ಪೂರ್ಣವಾಗಿಯೇ ಕಾಣುತ್ತದೆ.

ಈಗ ವಿಲೀನದ ಫಲಕ ತೆರೆಯಿತು. ಅದರ ಮೇಲ್ಭಾಗದಲ್ಲಿ ಎರಡೂ ದಾಖಲೆಗಳು ಸೇರ್ಪಡೆಯಾದ ದಿನಾಂಕ, ಸಮಯದ ಸಾಲುಗಳಾಗಿ ಕಾಣುತ್ತವೆ. ಅವುಗಳಲ್ಲಿ ಪ್ರಧಾನ ದಾಖಲೆ ಯಾವುದೆಂದು ನಾವು ಆರಿಸಬೇಕು. ಆರಿಸದೆ ಬಿಟ್ಟರೆ ಎಲ್ಲಕ್ಕಿಂತ ಹಳೆಯದೇ ಪ್ರಧಾನ. ಕೆಳಗೆ ಅಂಕಣಗಳಿದ್ದು, ಎರಡು ದಾಖಲೆಗಳಲ್ಲಿ ಬೇರೆ ಬೇರೆ ಬರೆದಿರುವ ಅಂಕಣದ ಪಕ್ಕ ಒಂದು ಪುಟ್ಟ ಚಿಹ್ನೆ ಇರುತ್ತದೆ. ಅದನ್ನು ಒತ್ತಿದರೆ ಎರಡೂ ಪಾಠಗಳು ಬಂದು, ಬೇಕಾದದ್ದನ್ನು ಆರಿಸಬಹುದು. ಪ್ರಧಾನ ದಾಖಲೆಯಲ್ಲಿ ಖಾಲಿಯಿರುವ ಅಂಕಣವನ್ನು ಮಾತ್ರ ಝೊಟೆರೊ ಇನ್ನೊಂದರಿಂದ ತಾನಾಗಿ ತುಂಬಿಕೊಳ್ಳುತ್ತದೆ.

ಇಷ್ಟನ್ನು ಕೇಳಿದರೆ ಯಾವುದನ್ನು ಪ್ರಧಾನವಾಗಿ ಆರಿಸಿದರೂ ನಡೆಯುತ್ತದೆ ಎನಿಸಬಹುದು. ಉಲ್ಲೇಖಗಳ ಸಂಬಂಧದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಲೇಖಕರ ಹೆಸರುಗಳಿಗೆ ಈ ಪುಟ್ಟ ಚಿಹ್ನೆಯ ಸೌಲಭ್ಯವಿಲ್ಲ: ಪ್ರಧಾನ ದಾಖಲೆಯಲ್ಲಿ ಲೇಖಕರು ಹೇಗಿದ್ದಾರೋ ಹಾಗೆಯೇ ಬರುತ್ತಾರೆ, ಒಬ್ಬರು ಬಿಟ್ಟುಹೋಗಿದ್ದರೆ ಬಿಟ್ಟೇ ಹೋಗುತ್ತಾರೆ. ಆದ್ದರಿಂದ ಪ್ರಧಾನ ದಾಖಲೆಯನ್ನು ಆರಿಸುವಾಗ ನಾನು ನೋಡುವುದು ಲೇಖಕರನ್ನು ಮಾತ್ರ. ಯಾವುದರಲ್ಲಿ ಎಲ್ಲ ಲೇಖಕರೂ ಲೇಖನದಲ್ಲಿರುವ ಕ್ರಮದಲ್ಲಿ, ಅಡ್ಡಹೆಸರು ಮೊದಲ ಹೆಸರು ಅದಲುಬದಲಾಗದೆ ಇದ್ದಾರೋ ಅದು ಪ್ರಧಾನ. ಮಿಕ್ಕದ್ದನ್ನು ಅಂಕಣ ಅಂಕಣವಾಗಿ ಸರಿಮಾಡಬಹುದು. ಅಂಥ ದಾಖಲೆ ಒಂದೂ ಇಲ್ಲದಿದ್ದರೆ ವಿಲೀನಕ್ಕೆ ಮೊದಲೇ ಒಂದರಲ್ಲಿ ಹೆಸರುಗಳನ್ನು ತಿದ್ದಿಟ್ಟುಕೊಳ್ಳುತ್ತೇನೆ. ಇಲ್ಲಿ ಪ್ರಕಾಶಕರ ಪುಟದ ದಾಖಲೆಯಲ್ಲಿ `Gadgil, Madhav` ಎಂದಿದ್ದುದರಿಂದ ಅದನ್ನೇ ಆರಿಸಿದೆ.

ಆಮೇಲಿನ ಅಂಕಣಗಳನ್ನು ಲೇಖನದ ಪಿಡಿಎಫ್‌ನ ಮೊದಲ ಪುಟವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ನೋಡಿದೆ. ಎರಡು ದಾಖಲೆಗಳನ್ನು ಒಂದರ ಜೊತೆ ಒಂದು ಹೋಲಿಸುತ್ತ ಕುಳಿತರೆ ಉದ್ದವಾಗಿರುವುದೇ ಸರಿಯೆಂದು ಕಾಣತೊಡಗುತ್ತದೆ. ಮೂರನೆಯ ಸಾಕ್ಷಿಯಾಗಿ ಲೇಖನವೇ ಬೇಕು. `Publication` ಅಂಕಣದಲ್ಲಿ ಜಾಲತಾಣದ ಹೆಸರನ್ನು ಬಿಟ್ಟು ಪತ್ರಿಕೆಯ ಹೆಸರನ್ನು ಉಳಿಸಿದೆ. ಶೀರ್ಷಿಕೆ ಒಂದರಲ್ಲಿ ಪ್ರತಿ ಪದಕ್ಕೂ ದೊಡ್ಡಕ್ಷರ ಕೊಟ್ಟು, ಇನ್ನೊಂದರಲ್ಲಿ ಸಾಮಾನ್ಯ ವಾಕ್ಯದಂತೆ ಬರೆದಿತ್ತು. ಎರಡನೆಯದನ್ನು ಆರಿಸಿದೆ, ಏಕೆಂದರೆ ದೊಡ್ಡಕ್ಷರ ಬೇಡುವ ಉಲ್ಲೇಖ ಶೈಲಿಗಳಿಗೆ ಝೊಟೆರೊ ತಾನೇ ಹಾಗೆ ಮಾರ್ಪಡಿಸಬಲ್ಲದು, ಆದರೆ ದೊಡ್ಡಕ್ಷರದಲ್ಲಿ ಇಟ್ಟದ್ದನ್ನು ಇಳಿಸುವಾಗ ಯಾವುದು ಊರಿನ ಹೆಸರು, ಯಾವುದು ಅಲ್ಲ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ದಿನಾಂಕದಲ್ಲಿ ತಿಂಗಳು, ದಿನ ಎಲ್ಲ ಇರುವ ಪಾಠ ಹೆಚ್ಚು ಪೂರ್ಣವಾಗಿ ಕಂಡರೂ, ಲೇಖನದ ಪುಟದಲ್ಲಿ ಇಲ್ಲದ ದಿನವನ್ನು ಹೊತ್ತುಕೊಂಡು ಬರುವುದರಲ್ಲಿ ಅರ್ಥವಿಲ್ಲವೆಂದು ವರ್ಷವಷ್ಟೇ ಇರುವುದನ್ನು ಉಳಿಸಿಕೊಂಡೆ; ಇದು ನನ್ನ ಅಭಿರುಚಿಯ ಮಾತು, ಬೇರೆಯವರು ಹಾಗೆಯೇ ಬಿಡಬಹುದು.

ಎಚ್ಚರವಿರಬೇಕಾದ ಅಂಕಣ `Extra`. ಟಿಪ್ಪಣಿಗಳು ಎರಡೂ ಉಳಿಯುತ್ತವೆ, ಆದರೆ `Extra` ಒಂದು ಅಂಕಣವಾದ್ದರಿಂದ ಒಂದು ಪಾಠ ಮಾತ್ರ ಉಳಿಯುತ್ತದೆ. ಗ್ರಂಥಾಲಯದ ಕಪಾಟು ಸಂಖ್ಯೆ, ಮೂಲ ಆವೃತ್ತಿಯ ವರ್ಷ ಮುಂತಾದವನ್ನು ನಾನು ಅಲ್ಲಿ ಬರೆದಿಡುವವನು. ಎರಡೂ ಕಡೆ ಏನಾದರೂ ಬರೆದಿದ್ದರೆ ಮೊದಲೇ ಒಂದರಿಂದ ನಕಲು ಮಾಡಿ ಇನ್ನೊಂದಕ್ಕೆ ಸೇರಿಸಿಬಿಡುತ್ತೇನೆ. ಸಾರಾಂಶದ ಅಂಕಣಕ್ಕೂ ಇದೇ ನಿಯಮ ಅನ್ವಯಿಸುತ್ತದೆ, ಆದರೆ ಅಲ್ಲಿ ಕಳೆದುಕೊಳ್ಳುವಂಥದ್ದು ವಿರಳ.

ಗುಂಡಿ ಒತ್ತಿದ ಮೇಲೆ ಉಳಿದ ದಾಖಲೆಯನ್ನು ಬಿಚ್ಚಿ ನೋಡಿದರೆ ನನ್ನ ಹಳೆಯ ಟಿಪ್ಪಣಿ ಅಲ್ಲಿಗೆ ಬಂದಿತ್ತು. ಇನ್ನು ಮೂರನೆಯದು. ಝೊಟೆರೊ ತೋರಿಸದ ಜೋಡಿಗಳನ್ನು ಹುಡುಕಲು ಮುಖ್ಯ ಪಟ್ಟಿಯನ್ನು ಲೇಖಕರ ಹೆಸರಿನ ಕ್ರಮದಲ್ಲಿ ಜೋಡಿಸಿ ಕಣ್ಣಾಡಿಸುವುದೇ ಸುಲಭ. ಎರಡು ದಾಖಲೆಗಳನ್ನು ಕಂಟ್ರೋಲ್ ಕೀಲಿ ಹಿಡಿದು ಆರಿಸಿ, ಬಲಗುಂಡಿ ಒತ್ತಿದರೆ `Merge Items…` ಎಂಬ ಆಯ್ಕೆ ಬರುತ್ತದೆ. ಮುಂದೆ ಅದೇ ಫಲಕ. ಆದರೆ ಕೈಯಿಂದ ಆರಿಸುವಾಗ ಕಾವಲಿಗೆ ಯಾರೂ ಇರುವುದಿಲ್ಲ. ಇದೇ ಇಬ್ಬರು ಲೇಖಕರು ಹಿಂದಿನ ವರ್ಷ, 1975ರಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯ 72ನೆಯ ಸಂಪುಟದಲ್ಲಿ ಭಾರತದ ದೇವರಕಾಡುಗಳ ಬಗ್ಗೆ ಇನ್ನೊಂದು ಲೇಖನ ಬರೆದಿದ್ದಾರೆ. ಅದು ನನ್ನ ಪಟ್ಟಿಯಲ್ಲಿ ಇವುಗಳ ಪಕ್ಕದಲ್ಲೇ ಇತ್ತು, ಹೆಸರೂ ದೇವರಕಾಡುಗಳದ್ದೇ. ಪತ್ರಿಕೆ, ಸಂಪುಟ, ಪುಟಸಂಖ್ಯೆ ಈ ಮೂರರಲ್ಲಿ ಎರಡಾದರೂ ಕೂಡಿಬರದೆ ಕೈಯಿಂದ ವಿಲೀನ ಮಾಡಬಾರದೆಂಬ ನಿಯಮವನ್ನು ನಾನು ಇಂಥವುಗಳಿಗಾಗಿಯೇ ಇಟ್ಟುಕೊಂಡಿದ್ದೇನೆ. ಗೆಳತಿಯ ದಾಖಲೆಯಲ್ಲಿ ಪತ್ರಿಕೆಯೂ ಪುಟಗಳೂ ಕೂಡಿಬಂದವು. ಪ್ರಕಾಶಕರ ಪುಟದಲ್ಲಿ ಶೀರ್ಷಿಕೆ `in India` ಎಂದಿರುವುದರಿಂದ ಅದನ್ನೇ ಉಳಿಸಿ, ಅವರ ಟಿಪ್ಪಣಿಯನ್ನೂ ಟ್ಯಾಗುಗಳನ್ನೂ ಪಡೆದುಕೊಂಡೆ.

ಒಂದೇ ಪಿಡಿಎಫ್ ಎರಡೂ ದಾಖಲೆಗಳಲ್ಲಿ ಇದ್ದು ಝೊಟೆರೊ ಅದನ್ನು ಗುರುತಿಸಿದರೆ, ಗುರುತು ಹಾಕಿದ ಸಾಲುಗಳ ಸಹಿತ ಒಂದೇ ಲಗತ್ತಾಗಿಸುತ್ತದೆ. ಒಂದು ಸ್ಕ್ಯಾನ್ ಮಾಡಿದ ಪ್ರತಿ, ಇನ್ನೊಂದು ಪ್ರಕಾಶಕರದ್ದು ಎಂಬಂತಿದ್ದರೆ ಎರಡೂ ಉಳಿಯುತ್ತವೆ. ಎರಡನ್ನೂ ತೆರೆದು ಗುರುತುಗಳು ಯಾವುದರಲ್ಲಿವೆ ಎಂದು ನೋಡಿಯೇ ಒಂದನ್ನು ತೆಗೆಯಬೇಕು.

ಕರಡಿನ ಕಡತವನ್ನು ತೆರೆದು ಝೊಟೆರೊ ಪಟ್ಟಿಯ `Refresh` ಒತ್ತಿದಾಗ `a`, `b` ಎರಡೂ ಹೋಗಿ ಎಲ್ಲ ಕಡೆ `1976` ಎಂದಷ್ಟೇ ಉಳಿಯಿತು, ಗ್ರಂಥಸೂಚಿಯಲ್ಲಿ ಲೇಖನ ಒಮ್ಮೆ ಮಾತ್ರ ಬಂತು. ವಿಲೀನ ಸರಿಯಾಯಿತೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಸಿಕ್ಕಿಲ್ಲ. ಅಕ್ಷರಗಳು ಹೋಗದೆ ಉಳಿದರೆ ಆ ಉಲ್ಲೇಖ ಯಾವಾಗಲೋ ಅಳಿಸಿದ ದಾಖಲೆಗೆ ಕಟ್ಟಿದ್ದೆಂದು ತಿಳಿದು, ಅದನ್ನು ತೆಗೆದು ಹೊಸದಾಗಿ ಸೇರಿಸಬೇಕಾಗುತ್ತದೆ.

ಝೊಟೆರೊ ತೋರಿಸಿದ್ದೆಲ್ಲ ಜೋಡಿಯೂ ಅಲ್ಲ. ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರಿನ 15ನೆಯ ಸಂಪುಟವಾದ ‘ಕಾನರಾ’ 1883ರಲ್ಲಿ ಎರಡು ಭಾಗಗಳಾಗಿ ಬಂದಿದೆ. ನಮ್ಮ ಜಿಲ್ಲೆಯ ಕಾಡು, ಬೆಟ್ಟ, ಹಳೆಯ ಕಂದಾಯದ ಬಗ್ಗೆ ಬರೆಯುವವರಿಗೆ ಎರಡೂ ಬೇಕು. ನನ್ನಲ್ಲಿ ಎರಡಕ್ಕೂ ಒಂದೇ ಶೀರ್ಷಿಕೆ, ಒಂದೇ ವರ್ಷ, ಒಬ್ಬರೇ ಸಂಪಾದಕರು ಇದ್ದುದರಿಂದ ಅವು ಜೋಡಿಯೆಂದು ಬಂದವು. ಭಾಗದ ಸಂಖ್ಯೆ `Volume` ಅಂಕಣದಲ್ಲಿತ್ತು, ಆದರೆ ಹೋಲಿಕೆಯಲ್ಲಿ ಆ ಅಂಕಣ ಲೆಕ್ಕಕ್ಕಿಲ್ಲ. ಇವನ್ನು ಒಂದಾಗಿಸಿದ್ದರೆ ಎರಡನೆಯ ಭಾಗದ ಪುಟಸಂಖ್ಯೆ ಕೊಟ್ಟ ನನ್ನ ಉಲ್ಲೇಖಗಳೆಲ್ಲ ಮೊದಲ ಭಾಗವನ್ನು ತೋರಿಸುತ್ತಿದ್ದವು. ಇವು ಜೋಡಿಯಲ್ಲವೆಂದು ಝೊಟೆರೊಗೆ ಹೇಳಿಡುವ ವ್ಯವಸ್ಥೆ ಇಲ್ಲ. ಶೀರ್ಷಿಕೆಗೇ ಭಾಗದ ಸಂಖ್ಯೆ ಸೇರಿಸಿದರೆ ಪಟ್ಟಿಯಿಂದ ಅವು ಇಳಿಯುತ್ತವೆ, ಆದರೆ ಗ್ರಂಥಸೂಚಿಯಲ್ಲಿ ಸಂಖ್ಯೆ ಎರಡು ಸಲ ಬರುತ್ತದೆ. ಪಟ್ಟಿ ಖಾಲಿಯಾಗುವುದಕ್ಕಿಂತ ಗ್ರಂಥಸೂಚಿ ಸರಿಯಿರುವುದು ಮೇಲೆಂದು ನಾನು ಅವನ್ನು ಹಾಗೆಯೇ ಬಿಟ್ಟಿದ್ದೇನೆ.

ಕನ್ನಡ ಪುಸ್ತಕಗಳದ್ದು ಇದಕ್ಕೆ ತಿರುಗುಮುರುಗು, ಜೋಡಿಯಿದ್ದರೂ ಕಾಣುವುದಿಲ್ಲ. ಐಎಸ್‌ಬಿಎನ್ ಕೊಟ್ಟು ತರಿಸಿದ ದಾಖಲೆಯಲ್ಲಿ ಶೀರ್ಷಿಕೆ ರೋಮನ್ ಲಿಪಿಯಲ್ಲಿ ಬರುವುದುಂಟು, ನಾನು ಕೈಯಿಂದ ತುಂಬಿದ್ದರಲ್ಲಿ ಐಎಸ್‌ಬಿಎನ್ ಇಲ್ಲದೆ ಕನ್ನಡದಲ್ಲಿ ಇರುತ್ತದೆ. ಇವೆರಡನ್ನು ಹೋಲಿಸಲು ಅದಕ್ಕೆ ಯಾವ ಆಧಾರವೂ ಇಲ್ಲ. ಇನ್ನೂ ಸೂಕ್ಷ್ಮವಾದದ್ದು, ಎರಡೂ ಕನ್ನಡದಲ್ಲೇ ಇದ್ದು ಪರದೆಯ ಮೇಲೆ ಒಂದೇ ಎಂದು ಕಂಡರೂ ಬೇರೆಯಾಗಿ ಉಳಿಯುವ ಶೀರ್ಷಿಕೆಗಳು. ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಿರಲೆಂದು ನಾವು ಟೈಪಿಸುವ ಕಾಣದ ಅಕ್ಷರ, ಯುನಿಕೋಡಿನ `U+200C`, ಒಂದರಲ್ಲಿದ್ದು ಇನ್ನೊಂದರ ಪದದ ಕೊನೆಯಲ್ಲಿ ಇಲ್ಲದಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಹೋಲಿಕೆ ಮಾತ್ರ ತಪ್ಪುತ್ತದೆ. ಇಂಥವನ್ನು ಲೇಖಕರ ಹೆಸರಿನ ಕ್ರಮದಲ್ಲಿ ಹುಡುಕಿ ಕೈಯಿಂದಲೇ ಒಂದಾಗಿಸಿದೆ. ಕನ್ನಡ ಶೀರ್ಷಿಕೆ ಇರುವುದನ್ನು ಪ್ರಧಾನವಾಗಿಟ್ಟು, ಐಎಸ್‌ಬಿಎನ್ ಮತ್ತು ಪುಟಗಳ ಸಂಖ್ಯೆಯನ್ನು ಇನ್ನೊಂದರಿಂದ ಪಡೆದು, ರೋಮನ್ ಶೀರ್ಷಿಕೆಯನ್ನು ಮೊದಲೇ ಒಂದು ಟಿಪ್ಪಣಿಯಲ್ಲಿ ಬರೆದಿಟ್ಟೆ. ಟಿಪ್ಪಣಿ ಹೇಗೂ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ.

`Trash`ನಲ್ಲಿ ಬಿದ್ದದ್ದನ್ನು ಝೊಟೆರೊ ಸಾಮಾನ್ಯವಾಗಿ 30 ದಿನಗಳ ನಂತರ ತಾನಾಗಿ ತೆರವು ಮಾಡುತ್ತದೆ. ಅಷ್ಟರೊಳಗೆ ಎಲ್ಲ ಅಧ್ಯಾಯಗಳ ಕಡತಗಳನ್ನೂ `Refresh` ಮಾಡಿ ನೋಡಿಕೊಂಡು, ಆಮೇಲೆ ಸಿಂಕನ್ನು ಮತ್ತೆ ಚಾಲೂ ಮಾಡಿದೆ. ಕಾರವಾರದ ಗೆಳತಿ ಫೋನಿನಲ್ಲಿ, “ಹಾಗಾದರೆ ನನ್ನ ಕರಡಿನದೂ ಸರಿಯಾಗಿರಬೇಕಲ್ಲ?” ಎಂದು ಕೇಳಿದರು. ಆಗುವುದಿಲ್ಲ. ಅವರ ಕಡತದ ಉಲ್ಲೇಖಗಳು ಕಟ್ಟಿಕೊಂಡಿರುವುದು ಅವರ ಗ್ರಂಥಾಲಯದ ದಾಖಲೆಗಳಿಗೆ. ನನ್ನಲ್ಲಿ ನಡೆದ ವಿಲೀನ ಅಲ್ಲಿಗೆ ತಲುಪುವುದಿಲ್ಲ. ತಿದ್ದಿದ ದಾಖಲೆಗಳ ಆರ್‌ಐಎಸ್ ಫೈಲನ್ನು ಅವರಿಗೆ ಕಳಿಸಿದ್ದೇನೆ. ಅದನ್ನು ತೆರೆದಾಗ ಅವರಲ್ಲಿ ಒಂದಷ್ಟು ಹೊಸ ಜೋಡಿಗಳು ಹುಟ್ಟುತ್ತವೆ. ಅವನ್ನು ಹಳೆಯದರೊಂದಿಗೆ ವಿಲೀನ ಮಾಡಬೇಕೇ ಹೊರತು ಹಳೆಯದನ್ನು ಅಳಿಸಬಾರದೆಂದು ಜೊತೆಗೆ ಬರೆದೂ ಕಳಿಸಿದೆ.